ಬ್ಲೂಮ್ ಹಾಕಿದ್ರೆ ಬಿಳಿ ಗೋಡೆನೂ ಹೊಳೀತಿದ್ಯಾ? ಹೀಗ್ ಮಾಡಿ
ಯೂನಿಟಿ ಯುಆರ್‌ಪಿಲಿ ಒಂದು ಸಂಜೆ ಸೀನ್ ಮಾಡ್ತಿದ್ದೆ, ಸುಣ್ಣದ ಗೋಡೆ, ಪಕ್ಕದಲ್ಲಿ ಒಂದು ದೀಪ, ಬ್ಲೂಮ್ ಆನ್ ಮಾಡಿದ ತಕ್ಷಣ ದೀಪದ ಜೊತೆ ಗೋಡೆನೂ ಮಂಜು ಕವಿದ ಹಾಗೆ ಹೊಳೆಯೋಕೆ ಶುರು. Post Exposure ಇಳಿಸಿದೆ, ಸೀನ್ ಕತ್ತಲಾಯ್ತೇ ಹೊರತು ಗೋಡೆ ಸುತ್ತ ಹೊಳಪು ಹೋಗಲಿಲ್ಲ. ಯಾಕಂದ್ರೆ ಬ್ಲೂಮ್ ಲೆಕ್ಕ ಮೊದಲು ಆಗತ್ತೆ, ಆ ಎಕ್ಸ್‌ಪೋಶರ್ ಟೋನ್‌ಮ್ಯಾಪಿಂಗ್‌ಗೆ ಸ್ವಲ್ಪ ಮುಂಚೆ ಬರತ್ತೆ, ಹಾಗಾಗಿ ಯಾವುದು ಹೊಳೀಬೇಕು ಅನ್ನೋ ಬ್ಲೂಮ್ ಲೆಕ್ಕಕ್ಕೆ ಅದು ತಾಗೋದೇ ಇಲ್ಲ.

ಮೊದಲು ಯುಆರ್‌ಪಿ ಅಸೆಟ್‌ನಲ್ಲಿ HDR ಆನ್ ಇದ್ಯಾ ನೋಡಿ, ಇಲ್ಲದಿದ್ರೆ ಬಣ್ಣ 1ಕ್ಕೇ ಕಟ್ ಆಗತ್ತೆ, ಆಗ ಗೋಡೆ ಯಾವುದು ದೀಪ ಯಾವುದು ಅಂತ ಬ್ಲೂಮ್‌ಗೆ ಗೊತ್ತಾಗಲ್ಲ. ಆಮೇಲೆ ಬ್ಲೂಮ್ Threshold 0.9 ಇರತ್ತಲ್ಲ, ಅದನ್ನ 1.1 ಮಾಡಿ, ದೀಪದ ಮೆಟೀರಿಯಲ್‌ನ ಎಮಿಷನ್ ಇಂಟೆನ್ಸಿಟಿ 3 ಕೊಡಿ, ಪ್ರತಿ 1ಕ್ಕೂ ಬಣ್ಣ ದುಪ್ಪಟ್ಟಾಗತ್ತೆ, ಅಂದ್ರೆ 3ಕ್ಕೆ ಎಂಟು ಪಟ್ಟು ಆಗತ್ತೆ. ಗೋಡೆ ಇನ್ನೂ ಹೊಳೀತಿದ್ರೆ ಅದರ ಮೇಲೆ ಬೀಳೋ ಲೈಟ್‌ನೇ ಕಮ್ಮಿ ಮಾಡಿ.

ಇನ್ನೊಂದು, ಕಾಂಟ್ರಾಸ್ಟ್, ಸ್ಯಾಚುರೇಷನ್ ಮುಟ್ಟೋ ಮುಂಚೆನೇ ಟೋನ್‌ಮ್ಯಾಪಿಂಗ್ ಮೋಡ್ ಫಿಕ್ಸ್ ಮಾಡ್ಕೊಳ್ಳಿ. ACES ಹಾಕಿದ್ರೆ ಕಾಂಟ್ರಾಸ್ಟ್ ತಾನಾಗೇ ಏರತ್ತೆ, ನನ್ನ ದೀಪದ ಕೇಸರಿ ಉರಿ ಮಧ್ಯದಲ್ಲಿ ಬೆಳ್ಳಗಾಗಿ ಹೋಯ್ತು. Neutral ಹಾಕಿದ್ಮೇಲೆ ಬಣ್ಣ ಉಳೀತು, ಆಮೇಲೆ ಕಾಂಟ್ರಾಸ್ಟ್ 10 ಕೊಟ್ಟಿದ್ದೇ ಸಾಕಾಯ್ತು. ಗ್ರೇಡಿಂಗ್ ಎಲ್ಲಾ ಮುಗಿಸಿ ಕೊನೇಲಿ ಮೋಡ್ ಬದಲಾಯಿಸಿದ್ರೆ ಮತ್ತೆ ಮೊದಲಿಂದ ಮಾಡಬೇಕಾಗತ್ತೆ.