ಹಿಂದೆ ಹಲ್ಲು ಇದೆಯಾ, ಇಲ್ವಾ? ಒಂದು ಕ್ಲಾಸ್ಪ್ ಡೆಂಚರ್‌ನ ಡಿಸೈನ್ ಹಾಕಿದ ಬಗೆ

ಒಂದು ದವಡೆಯಲ್ಲಿ 16 ಹಲ್ಲು. ಯಾವ ಹಲ್ಲು ಇದೆ, ಯಾವುದು ಇಲ್ಲ ಅಂತ ಲೆಕ್ಕ ಹಾಕುತ್ತಾ ಹೋದರೆ, ಎಲ್ಲವೂ ಇರುವುದು ಮತ್ತು ಒಂದೂ ಇಲ್ಲದಿರುವುದು ಬಿಟ್ಟು, 65,534 ಬಗೆಯ ಬಾಯಿಗಳು ಸಿಗುತ್ತವೆ. ಇಷ್ಟನ್ನೂ ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ ನಾಲ್ಕೇ ಗುಂಪು ಮಾಡಿದರು. ಎರಡೂ ಕಡೆ ಹಿಂದಿನ ಹಲ್ಲು ಇಲ್ಲದೆ ಜಾಗ ತೆರೆದುಕೊಂಡಿದ್ದರೆ ಕ್ಲಾಸ್ 1. ಒಂದೇ ಕಡೆ ಹಾಗಿದ್ದರೆ ಕ್ಲಾಸ್ 2. ಖಾಲಿ ಜಾಗದ ಹಿಂದೆಯೂ ಮುಂದೆಯೂ ಹಲ್ಲಿದ್ದರೆ ಕ್ಲಾಸ್ 3. ಮುಂಭಾಗದಲ್ಲಿ ಮಧ್ಯರೇಖೆ ದಾಟಿ ಒಂದೇ ಖಾಲಿ ಜಾಗ ಇದ್ದರೆ ಕ್ಲಾಸ್ 4.

ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ನಮ್ಮ ವಿದ್ಯಾರ್ಥಿಗಳು ತಡವರಿಸುವುದು ಆಮೇಲೆ, ಕಾಸ್ಟ್ ಮೇಲೆ, ಅಂದರೆ ದವಡೆಯ ಅಚ್ಚಿನಿಂದ ಮಾಡಿದ ಮಾದರಿಯ ಮೇಲೆ, ಪೆನ್ಸಿಲ್ ಇಡುವಾಗ. ಅದಕ್ಕೇ ನಾನು ವರ್ಗೀಕರಣವನ್ನೂ ಡಿಸೈನನ್ನೂ ಬೇರೆ ಬೇರೆ ಪಾಠ ಮಾಡುವುದಿಲ್ಲ. ಎರಡಕ್ಕೂ ಕೇಳುವ ಪ್ರಶ್ನೆ ಒಂದೇ: ಖಾಲಿ ಜಾಗದ ಹಿಂದೆ ಹಲ್ಲು ಇದೆಯಾ? ಇದ್ದರೆ, ಉಳಿದ ಹಲ್ಲುಗಳಿಗೆ ಕ್ಲಾಸ್ಪ್ ಎಂಬ ಕೊಕ್ಕೆ ಹಾಕಿ ಹಿಡಿಸುವ ಈ ಡೆಂಚರ್ ಎರಡೂ ತುದಿಯಲ್ಲಿ ಹಲ್ಲಿನ ಮೇಲೆ ಕೂರುತ್ತದೆ, ಅಲುಗುವುದು ಕಡಿಮೆ. ಇಲ್ಲದಿದ್ದರೆ ಒಂದು ತುದಿ ಹಲ್ಲಿನ ಮೇಲೆ, ಇನ್ನೊಂದು ತುದಿ ಮೆತ್ತಗಿನ ವಸಡಿನ ಮೇಲೆ. ಅಗಿದಾಗ ಹಲ್ಲು ಇಳಿಯುವುದಕ್ಕಿಂತ ವಸಡು ಎಷ್ಟೋ ಪಟ್ಟು ಜಾಸ್ತಿ ಒತ್ತಿಕೊಳ್ಳುತ್ತದೆ. ಹಾಗಾಗಿ ಡೆಂಚರ್ ಸುಮ್ನೆ ಇಳಿಯುವುದಿಲ್ಲ, ತಿರುಗುತ್ತದೆ. ಮುಂದಿನ ತಲೆನೋವೆಲ್ಲ ಆ ತಿರುಗುವಿಕೆಯದೇ.

ಒಂದು ಕೇಸ್ ಹೇಳುತ್ತೇನೆ. ಐವತ್ತು ದಾಟಿದ ಹೆಂಗಸು, ಕೆಳದವಡೆ. ಇಲ್ಲಿ ಹಲ್ಲುಗಳನ್ನು ಮಧ್ಯದಿಂದ ಹಿಂದಕ್ಕೆ ಬಲಗಡೆ 41ರಿಂದ 48, ಎಡಗಡೆ 31ರಿಂದ 38 ಅಂತ ಎಣಿಸುತ್ತೇವೆ. ಬಲಗಡೆ 46, 47 ಇಲ್ಲ, ಕೊನೆಯಲ್ಲಿ 48 ನಿಂತಿದೆ. ಎಡಗಡೆ 36 ಒಂದೇ ಇಲ್ಲ, 35 ಮತ್ತು 37 ಗಟ್ಟಿಯಾಗಿವೆ. "ಮುದ್ದೆ ಹೆಂಗೋ ನುಂಗ್ತೀನಿ ಡಾಕ್ಟ್ರೇ, ರೊಟ್ಟಿ ಅಗಿಯಕ್ಕಾಗಲ್ಲ" ಅನ್ನುವುದು ಅವರ ದೂರು. ಇಂಪ್ಲಾಂಟ್ ಬೇಡ ಅಂದಿದ್ದರು. ಕೇಸ್ ತೆಗೆದುಕೊಂಡ ವಿದ್ಯಾರ್ಥಿನಿ ಕಾಸ್ಟ್ ನೋಡಿ ಥಟ್ಟನೆ ಹೇಳಿದಳು: "ಎರಡೂ ಕಡೆ ಹಿಂದೆ ಹಲ್ಲಿದೆ ಸರ್. ಕ್ಲಾಸ್ 3, ಮಾಡಿಫಿಕೇಶನ್ 1."

ಕಾಸ್ಟ್ ಮಟ್ಟಿಗೆ ಅದು ಸರಿ. ಆದರೆ ಬಾಯಲ್ಲಿ 48 ಬೆರಳಿಟ್ಟರೆ ಅಲ್ಲಾಡುತ್ತಿತ್ತು, ಮೇಲಿನಿಂದ ಒತ್ತಿದರೆ ಕೆಳಗೂ ಇಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಮೂಳೆ ಇರಲೇ ಇಲ್ಲ. ಅದನ್ನು ಕೀಳಲೇಬೇಕು. ಕೆನಡಿ ವರ್ಗಗಳಿಗೆ ಆ್ಯಪಲ್‌ಗೇಟ್ ಸೇರಿಸಿದ 8 ನಿಯಮಗಳಲ್ಲಿ ಮೊದಲನೆಯದೇ ಇದು: ಕೀಳಬೇಕಾದ ಹಲ್ಲನ್ನು ಕಿತ್ತಾಗಿದೆ ಅಂತ ಅಂದುಕೊಂಡು ವರ್ಗ ಹೇಳಬೇಕು. 48 ಹೋದರೆ ಬಲಗಡೆ ಹಿಂದೆ ಏನೂ ಉಳಿಯುವುದಿಲ್ಲ. ತೀರಾ ಹಿಂದಿನ ಖಾಲಿ ಜಾಗವೇ ವರ್ಗವನ್ನು ತೀರ್ಮಾನಿಸುವುದರಿಂದ ಇದು ಕ್ಲಾಸ್ 2. ಎಡಗಡೆಯ ಇನ್ನೊಂದು ಖಾಲಿ ಜಾಗಕ್ಕೆ ಮಾಡಿಫಿಕೇಶನ್ 1. ಆ ಜಾಗದಲ್ಲಿ ಒಂದು ಹಲ್ಲು ಹೋಗಿದೆಯೋ ಮೂರು ಹೋಗಿವೆಯೋ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಜಾಗಗಳಿವೆ ಅನ್ನುವುದಷ್ಟೇ ಲೆಕ್ಕ. ಅದೇ 48 ಗಟ್ಟಿಯಾಗಿದ್ದು ಅದರ ಮೇಲೆ ರೆಸ್ಟ್, ಅಂದರೆ ಡೆಂಚರಿನ ಭಾರವನ್ನು ಹಲ್ಲಿಗೆ ದಾಟಿಸುವ ಲೋಹದ ತುಣುಕು, ಇಡುವಂತಿದ್ದರೆ ಅವಳ ಉತ್ತರಕ್ಕೇ ಪೂರ್ತಿ ಅಂಕ ಕೊಡುತ್ತಿದ್ದೆ.

ಇನ್ನು ಡಿಸೈನ್. ಮೊದಲು ಕಾಸ್ಟನ್ನು, ಹಲ್ಲುಗಳ ಉಬ್ಬುತಗ್ಗು ಗುರುತಿಸುವ ಸರ್ವೇಯರ್ ಉಪಕರಣದ ಮೇಲೆ ಇಟ್ಟು, ಹಲ್ಲುಗಳ ಅಗಿಯುವ ಮೇಲ್ಮೈ ನೆಲಕ್ಕೆ ಸಮವಾಗಿರುವಂತೆ ನಿಲ್ಲಿಸುತ್ತೇನೆ. ಬೇಕಾದ ಕಡೆ ಅಂಡರ್‌ಕಟ್, ಅಂದರೆ ಕ್ಲಾಸ್ಪ್ ತುದಿ ಸಿಕ್ಕಿಕೊಳ್ಳಲು ಹಲ್ಲಿನ ಉಬ್ಬಿನ ಕೆಳಗಿನ ತಗ್ಗು, ಸಿಗಲಿಲ್ಲ ಅಂತ ಕೆಲವರು ಕಾಸ್ಟನ್ನೇ ವಾಲಿಸಿ ಅಂಡರ್‌ಕಟ್ 'ತರಿಸುತ್ತಾರೆ'. ಅದು ಕಣ್ಣಿಗೆ ಮಾತ್ರ. ಅಂಟುವ ತಿಂಡಿ ಡೆಂಚರನ್ನು ನೇರ ಮೇಲಕ್ಕೆ ಎಳೆಯುತ್ತದೆ, ನಾವು ವಾಲಿಸಿದ ದಿಕ್ಕಿಗಲ್ಲ. ನೇರ ನಿಲ್ಲಿಸಿದಾಗ ಇಲ್ಲದ ಅಂಡರ್‌ಕಟ್ ಬಾಯಲ್ಲೂ ಇರುವುದಿಲ್ಲ. ಸ್ವಲ್ಪ ವಾಲಿಸುವುದು ಗೈಡ್ ಪ್ಲೇನ್‌ಗಳು, ಅಂದರೆ ಡೆಂಚರ್ ಜಾರಿ ಕೂರುವ ಹಲ್ಲಿನ ಪಕ್ಕದ ಚಪ್ಪಟೆ ಮುಖಗಳು, ಸಮಾನಾಂತರ ಸಿಗಲಿ ಅಂತ ಮಾತ್ರ. ನಿಲುವು ಗೊತ್ತಾದ ಮೇಲೆ ಒಂದೇ ಎತ್ತರದಲ್ಲಿ ಮೂರು ಕಡೆ ಗುರುತು ಹಾಕಿಬಿಡಿ. ಲ್ಯಾಬಿನವರು ಅದೇ ನಿಲುವನ್ನು ಮತ್ತೆ ಹಿಡಿಯಲು ಆ ಗುರುತುಗಳೇ ಆಧಾರ.

ಆಮೇಲೆ ಒಂದು ಗೆರೆ. ಬಲಗಡೆ 45ರ ರೆಸ್ಟ್‌ನಿಂದ ಎಡಗಡೆ 37ರ ರೆಸ್ಟ್‌ವರೆಗೆ ಕಾಸ್ಟ್ ಮೇಲೆ ಸ್ಕೇಲ್ ಇಟ್ಟು ನೋಡಿ. ಓರೆಯಾಗಿ ಹೋಗುವ ಈ ಫಲ್ಕ್ರಮ್ ಗೆರೆಯ ಸುತ್ತಲೇ ಡೆಂಚರ್ ತಿರುಗುವುದು. ಯಾವ ಕ್ಲಾಸ್ಪ್ ಹಾಕಲಿ ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಈ ಗೆರೆ ತೋರಿಸಿ ಅನ್ನುತ್ತೇನೆ. ಗೆರೆ ಇಲ್ಲದ ಡಿಸೈನ್ ಬರೀ ಅಲಂಕಾರ.

45ರ ಮೇಲೆ ರೆಸ್ಟ್ ಎಲ್ಲಿಡಬೇಕು? ಖಾಲಿ ಜಾಗದ ಪಕ್ಕ, ಅಂದರೆ ಹಿಂಭಾಗದಲ್ಲಿ ಇಡುವುದು ಸಹಜ ಅನಿಸುತ್ತದೆ. ಕ್ಲಾಸ್ 3ರಲ್ಲಿ ಅದೇ ಸರಿ. ಇಲ್ಲಿ ಹಾಗೆ ಮಾಡಿ, ಕ್ಲಾಸ್ಪ್ ತುದಿಯನ್ನು ಹಲ್ಲಿನ ಮುಂಭಾಗದ ಅಂಡರ್‌ಕಟ್‌ನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ಆಕೆ ರೊಟ್ಟಿ ಅಗಿದಾಗ ಹಿಂದಿನ ಬೇಸ್, ಅಂದರೆ ವಸಡಿನ ಮೇಲೆ ಕೂರುವ ಭಾಗ, ಕೆಳಗಿಳಿಯುತ್ತದೆ. ರೆಸ್ಟ್‌ನ ಮುಂದಿರುವ ಕ್ಲಾಸ್ಪ್ ತುದಿ ಮೇಲೇಳುತ್ತದೆ. ಮೇಲೇಳುವ ದಾರಿಯಲ್ಲಿ ಹಲ್ಲಿನ ಉಬ್ಬು ಅಡ್ಡ ಇದೆ. ಹಾರೆ ಹಾಕಿ ಕಲ್ಲು ಎಬ್ಬಿಸಿದ ಹಾಗೆ ಕ್ಲಾಸ್ಪ್ 45ನ್ನು ಪ್ರತಿ ತುತ್ತಿಗೂ ಮೀಟುತ್ತದೆ. ದಿನ ಕಳೆದಂತೆ ಹಲ್ಲು ಅಲ್ಲಾಡತೊಡಗುತ್ತದೆ, ಡೆಂಚರ್ ಗಟ್ಟಿಯಾಗಿ ಕೂತಿದೆ ಅಂತ ನಾವು ಖುಷಿಯಾಗಿರುತ್ತೇವೆ.

ಇದನ್ನು ತಪ್ಪಿಸಲು ಕ್ರಾಟೊಚ್ವಿಲ್ 1963ರಲ್ಲಿ ರೆಸ್ಟನ್ನು ಮುಂಭಾಗಕ್ಕೆ ತಂದರು, ಕ್ರೋಲ್ 1973ರಲ್ಲಿ ಅದನ್ನು ತಿದ್ದಿ ಆರ್‌ಪಿಐ ಅಂತ ಕರೆದರು. ನಾನು 45ಕ್ಕೆ ಹಾಕಿದ್ದೂ ಅದೇ. ಮುಂಭಾಗದಲ್ಲಿ ರೆಸ್ಟ್, ಖಾಲಿ ಜಾಗದ ಕಡೆ ಹಲ್ಲಿಗೆ ತಾಗುವ ಪ್ರಾಕ್ಸಿಮಲ್ ಪ್ಲೇಟ್, ಕೆನ್ನೆಯ ಕಡೆ ವಸಡಿನ ಕೆಳಗಿನಿಂದ ಬರುವ ಐ-ಬಾರ್. ಐ-ಬಾರ್ ತುದಿ 0.25 ಮಿ.ಮೀ. ಅಂಡರ್‌ಕಟ್‌ನಲ್ಲಿ, ಹಲ್ಲಿನ ಕೆನ್ನೆ ಕಡೆಯ ಮಧ್ಯದಲ್ಲಿ ಅಥವಾ ಅದಕ್ಕಿಂತ ತುಸು ಮುಂದೆ ಇರುತ್ತದೆ. ಈಗ ಬೇಸ್ ಇಳಿದರೆ ತಿರುಗುವ ಬಿಂದು ಮುಂದಿದೆ, ಐ-ಬಾರ್ ಅದರ ಹಿಂದಿದೆ. ತುದಿ ಕೆಳಕ್ಕೂ ಮುಂದಕ್ಕೂ ಸರಿದು ಹಲ್ಲನ್ನು ಬಿಟ್ಟುಕೊಡುತ್ತದೆ. ಮೀಟುವುದಿಲ್ಲ.

ಎಲ್ಲರ ಬಾಯಿಗೂ ಐ-ಬಾರ್ ಹೊಂದುವುದಿಲ್ಲ. ಅದರ ತೋಳು ವಸಡಿನ ಅಂಚಿನಿಂದ ಕನಿಷ್ಠ 3 ಮಿ.ಮೀ. ಕೆಳಗೆ ಹಾದು ಬರಬೇಕು. ಕೆನ್ನೆ ಮತ್ತು ವಸಡಿನ ನಡುವಿನ ಸಂದು ಆಳ ಇಲ್ಲದಿದ್ದರೆ, ಅಥವಾ ಹಲ್ಲಿನ ಕೆಳಗೆ ಮೂಳೆ ಒಳಸರಿದಿದ್ದರೆ ತೋಳು ಕೆನ್ನೆಗೆ ಚುಚ್ಚುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ. ಅಂಥಲ್ಲಿ ವ್ರಾಟ್ ವೈರ್ ಕ್ಲಾಸ್ಪ್ ವಾಸಿ. ಈ ಹೆಂಗಸಿಗೆ ಜಾಗ ಸಾಕಷ್ಟಿತ್ತು.

ಎಡಗಡೆ ಕೆಲಸ ಸುಲಭ. 37ರ ಮುಂಭಾಗದಲ್ಲಿ ರೆಸ್ಟ್, ಅಲ್ಲಿಂದ ಹೊರಟು ಕೆನ್ನೆ ಕಡೆ ಹಿಂದಕ್ಕೆ ಹೋಗುವ ಮಾಮೂಲಿ ಏಕರ್ಸ್ ಕ್ಲಾಸ್ಪ್. 35ಕ್ಕೆ ಹಿಂಭಾಗದಲ್ಲಿ ರೆಸ್ಟ್. ಆದರೆ ಒಂದು ಎಚ್ಚರ: 35 ನಮ್ಮ ಗೆರೆಯ ಮುಂದಿದೆ. ಬಲಗಡೆ ಬೇಸ್ ಇಳಿದಾಗ ಇಲ್ಲಿ ಡೆಂಚರ್ ಮೇಲೇಳಲು ನೋಡುತ್ತದೆ. ಹಾಗಾಗಿ 35ಕ್ಕೆ ಗಡುಸಾದ ಎರಕದ ತೋಳು ಬೇಡ ಅಂತ, ಬಳುಕುವ ವ್ರಾಟ್ ವೈರ್ ತೋಳು ಹಾಕಿಸಿದೆ. ಬಳುಕುವುದರಿಂದ ಅದನ್ನು 0.5 ಮಿ.ಮೀ. ಅಂಡರ್‌ಕಟ್‌ಗೂ ಇಳಿಸಬಹುದು. ಕೋಬಾಲ್ಟ್ ಕ್ರೋಮಿಯಂ ಎರಕದ ತೋಳಿಗೆ 0.25 ಸಾಕು.

ಇದರ ಉಲ್ಟಾ ಚಲನೆಯೂ ಇದೆ. ಅಂಟುವ ತಿಂಡಿ ಬಲಗಡೆ ಬೇಸನ್ನು ಮೇಲೆತ್ತುತ್ತದೆ. ಅದನ್ನು ತಡೆಯಲು ಗೆರೆಯಿಂದ ಆದಷ್ಟು ದೂರ, ಗೆರೆಯ ಮುಂದೆ ಒಂದು ರೆಸ್ಟ್ ಬೇಕು. ಅದೇ ಇನ್‌ಡೈರೆಕ್ಟ್ ರಿಟೈನರ್. ಫಲ್ಕ್ರಮ್ ಗೆರೆಯ ಮಧ್ಯದಿಂದ ಮುಂದಕ್ಕೆ ಲಂಬವಾಗಿ ಇನ್ನೊಂದು ಗೆರೆ ಎಳೆಯಿರಿ. ಈ ಕೇಸಿನಲ್ಲಿ ಅದು 34ರ ಹತ್ತಿರ ಹೋಗಿ ನಿಂತಿತು. ಬೇಸ್ ಬಲಗಡೆ, ತಡೆ ಎಡಗಡೆ! ಇದು ವಿದ್ಯಾರ್ಥಿಗಳಿಗೆ ವಿಚಿತ್ರ ಅನಿಸುತ್ತದೆ, ಗೆರೆ ಓರೆ ಇರುವುದರಿಂದ ಹಾಗೆ. 35ರ ರೆಸ್ಟೇ ಈ ಕೆಲಸ ಮಾಡುತ್ತದೆ, 34 ಯಾಕೆ ಅಂತ ವಾದಿಸುವವರಿದ್ದಾರೆ. ಗೆರೆಯಿಂದ 34 ಇನ್ನೂ ದೂರ ಇದೆ ಅಂತ ನಾನು ಅದನ್ನೇ ಹಿಡಿದೆ.

ಇವನ್ನೆಲ್ಲ ಜೋಡಿಸುವುದು ನಾಲಿಗೆ ಕಡೆಯ ಲಿಂಗ್ವಲ್ ಬಾರ್. ಬಾರ್‌ನ ಅಗಲ ಸುಮಾರು 4 ಮಿ.ಮೀ., ವಸಡಿನ ಅಂಚಿನಿಂದ ಬಿಡಬೇಕಾದ ಜಾಗ 3 ಮಿ.ಮೀ. ಅಲ್ಲಿಗೆ ಕಮ್ಮಿ ಅಂದರೆ 7 ಬೇಕು. ಇದನ್ನು ಕಾಸ್ಟ್ ಮೇಲೆ ಅಳೆಯಬೇಡಿ. ನಾಲಿಗೆ ತುದಿ ಮೇಲ್ತುಟಿಗೆ ತಾಗಿಸಲು ಹೇಳಿ, ಬಾಯಲ್ಲೇ ಪ್ರೋಬ್ ಇಟ್ಟು ಅಳೆಯಿರಿ. ನಾಲಿಗೆ ಎದ್ದಾಗ ಬಾಯಿಯ ನೆಲವೂ ಮೇಲೆ ಬರುತ್ತದೆ. ಇವರಿಗೆ 9 ಸಿಕ್ಕಿತು. 7ಕ್ಕಿಂತ ಕಡಿಮೆ ಇದ್ದರೆ ಲಿಂಗ್ವಲ್ ಪ್ಲೇಟ್‌ಗೆ ಹೋಗಬೇಕು.

ಕಾಗದದ ಮೇಲೆ ಇಷ್ಟು ಮುಗಿದ ಮೇಲೆಯೇ ಬಾಯಲ್ಲಿ ಬರ್ ಹಿಡಿಯುವುದು. ಮೊದಲು ಗೈಡ್ ಪ್ಲೇನ್, ಆಮೇಲೆ ರೆಸ್ಟ್ ಸೀಟ್. ಉಲ್ಟಾ ಮಾಡಿದರೆ, ಹಲ್ಲಿನ ಪಕ್ಕ ಚಪ್ಪಟೆ ಮಾಡುವಾಗ ಕೊರೆದಿಟ್ಟ ಸೀಟಿನ ಅಂಚೇ ಹಾರಿಹೋಗುತ್ತದೆ. ರೆಸ್ಟ್ ಸೀಟ್ ಚಮಚದ ಆಕಾರದಲ್ಲಿ, ಸುಮಾರು 2.5 ಮಿ.ಮೀ. ಅಗಲ ಇರಲಿ, ಹಲ್ಲಿನ ಅಂಚಿನಲ್ಲಿ 1.5 ಮಿ.ಮೀ. ಇಳಿಯಲಿ. ಅದರ ತಳ ಹಲ್ಲಿನ ಮಧ್ಯದ ಕಡೆಗೆ ಇಳಿಜಾರಾಗಿರಬೇಕು. ಹೊರಗಡೆಗೆ ಇಳಿಜಾರಾದರೆ ಪ್ರತಿ ಸಲ ಕಚ್ಚಿದಾಗಲೂ ರೆಸ್ಟ್ ಜಾರುತ್ತದೆ, ಹಲ್ಲು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಕಚ್ಚಿದಾಗ ರೆಸ್ಟ್‌ಗೆ ಜಾಗ ಸಾಲುತ್ತಾ ಅಂತ ನೋಡಲು ಕೆಂಪು ಮೇಣ ಕಚ್ಚಿಸಿ. ಬೆಳಕಿಗೆ ಹಿಡಿದಾಗ ಆ ಜಾಗದಲ್ಲಿ ಮೇಣ ತೆಳ್ಳಗೆ ಹೊಳೆದರೆ ಇನ್ನೂ ಸ್ವಲ್ಪ ಇಳಿಸಬೇಕು. ಇಲ್ಲಿ ಜಿಪುಣತನ ಮಾಡಿದ ಎಷ್ಟೋ ರೆಸ್ಟ್‌ಗಳು ಆಮೇಲೆ ಮುರಿದು ನಮ್ಮ ಟೇಬಲ್‌ಗೆ ವಾಪಸ್ ಬರುತ್ತವೆ.

ಫ್ರೇಮ್ ಬಂದಾಗ ಬಲಗಡೆಗೆ ಬೇರೆ ಅಚ್ಚು ತೆಗೆದೆವು. ಫ್ರೇಮಿನ ಮೇಲೆ ಟ್ರೇ ಕಟ್ಟಿ, ರೆಸ್ಟ್‌ಗಳ ಮೇಲೆ ಬೆರಳಿಟ್ಟು ಹಿಡಿದು, ಬೇಸ್ ಜಾಗದ ವಸಡನ್ನು ಅಚ್ಚಿಗೆ ತೆಗೆದುಕೊಂಡು, ಹಳೆ ಕಾಸ್ಟ್‌ನ ಆ ಭಾಗ ಕತ್ತರಿಸಿ ಹೊಸದಾಗಿ ಸುರಿಯುವ ಆಲ್ಟರ್ಡ್ ಕಾಸ್ಟ್ ವಿಧಾನ ಅದು. ಕ್ಲಾಸ್ 3 ಆಗಿದ್ದರೆ ಈ ಕೆಲಸವೇ ಬೇಕಿರಲಿಲ್ಲ. ಬೇಸನ್ನು ಹಿಂದೆ ವಸಡಿನ ಕೊನೆಯ ಮೆತ್ತೆಯಾದ ರೆಟ್ರೋಮೋಲಾರ್ ಪ್ಯಾಡ್‌ವರೆಗೆ, ಪಕ್ಕದಲ್ಲಿ ಕೆನ್ನೆ ಕಡೆಯ ಮೂಳೆಯ ಚಪ್ಪಟೆ ಭಾಗವಾದ ಬಕಲ್ ಶೆಲ್ಫ್ ಮೇಲೆ ಚಾಚಿಸಿ, ಹಲ್ಲುಗಳನ್ನು ತುಸು ಕಿರಿದಾಗಿ ಜೋಡಿಸಿದೆವು. ಆಧಾರ ಜಾಸ್ತಿ, ಭಾರ ಕಮ್ಮಿ.

ಕೊಟ್ಟ ಮೇಲೆ ಫಾಲೋಅಪ್‌ಗೆ ಬಂದಾಗಲೆಲ್ಲ ಮಾಡಬೇಕಾದ ಪರೀಕ್ಷೆ ಒಂದಿದೆ. ಬಲಗಡೆ ಕೊನೆಯ ಹಲ್ಲಿನ ಮೇಲೆ ಬೆರಳಿಟ್ಟು ಒತ್ತಿ, ಕಣ್ಣು 34ರ ರೆಸ್ಟ್ ಮೇಲಿರಲಿ. ರೆಸ್ಟ್ ಸೀಟ್ ಬಿಟ್ಟು ಎದ್ದರೆ ಬೇಸಿನ ಕೆಳಗೆ ಮೂಳೆ ಸವೆದಿದೆ ಅಂತ ಅರ್ಥ. ರೋಗಿಗೆ ನೋವೇ ಇರುವುದಿಲ್ಲ, "ಚೆನ್ನಾಗಿದೆ" ಅನ್ನುತ್ತಾರೆ. ಅಷ್ಟರಲ್ಲಿ 45ಕ್ಕೆ ಪೆಟ್ಟು ಬೀಳುತ್ತಿರುತ್ತದೆ. ಆಗ ಕ್ಲಾಸ್ಪ್ ಬಿಗಿ ಮಾಡಬೇಡಿ, ಬೇಸಿನ ತಳಕ್ಕೆ ಹೊಸ ಪದರ ಕೊಟ್ಟು ರೀಲೈನ್ ಮಾಡಿ. ರೀಲೈನ್ ಅಚ್ಚು ತೆಗೆಯುವಾಗಲೂ ಬೇಸನ್ನು ಒತ್ತಬಾರದು, ರೋಗಿಗೆ ಕಚ್ಚಿ ಅಂತಲೂ ಹೇಳಬಾರದು. ರೆಸ್ಟ್‌ಗಳು ನಾಲ್ಕೂ ಕಡೆ ಸೀಟಿನಲ್ಲಿ ಕೂತಿವೆ ಅಂತ ನೋಡಿಕೊಂಡು, ಅವುಗಳ ಮೇಲೇ ಬೆರಳಿಟ್ಟು ಅಚ್ಚು ಗಟ್ಟಿಯಾಗುವವರೆಗೆ ಹಿಡಿಯಬೇಕು.