ಪ್ಯಾಕೆಟ್ ಮೇಲಿನ ಪದ ಮಾತ್ರ ಅಲ್ಲ, ಅಂಕಿನೂ ಅನುವಾದ ಮಾಡ್ಬೇಕು

ನಮ್ಮ ನಾದಿನಿ ಜಪಾನ್‌ನಲ್ಲಿದಾಳೆ. ಹೋದ ವರ್ಷ ಏಪ್ರಿಲ್‌ನಲ್ಲಿ ಬಂದಾಗ ಹಾಸನದಲ್ಲಿರೋ ಅತ್ತೆಗೆ ಅಂತ ನಾಲ್ಕು ಪ್ಯಾಕೆಟ್ ಅಕ್ಕಿ ಬಿಸ್ಕೆಟ್ ತಂದಿದ್ಲು, ಅತ್ತೆ ಅದನ್ನ ಹಬ್ಬಕ್ಕೆ ಅಂತ ಎತ್ತಿಟ್ಟು ಎರಡು ತಿಂಗಳಾದ್ಮೇಲೆ ನನಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ "ಇದು ಯಾವಾಗಿನ ತನಕ ಬರುತ್ತೆ ನೋಡಮ್ಮ" ಅಂದ್ರು. ನಾನು ಫೋಟೋನ ಅನುವಾದದ ಆಪ್‌ಗೆ ಹಾಕಿದೆ, ಅದು ಜಪಾನಿ ಪದಾನ ನೀಟಾಗಿ "ಉತ್ತಮ ಬಳಕೆಯ ದಿನಾಂಕ" ಅಂತ ಮಾಡ್ಕೊಡ್ತು, ಮುಂದೆ 25.06.26 ಅಂತಿತ್ತು. "ಮುಂದಿನ ವರ್ಷ ಜೂನ್ 25ರ ತನಕ ಇದೆ ಅತ್ತೆ, ಆರಾಮಾಗಿ ಇಟ್ಕೊಳಿ" ಅಂತ ಟೈಪ್ ಮಾಡಿ ಮರೆತುಬಿಟ್ಟೆ. ದೀಪಾವಳಿಗೆ ಒಡೆದು ನೋಡಿದ್ರೆ ಎಣ್ಣೆ ಕಮಟು ವಾಸನೆ.

ತಪ್ಪು ಎಲ್ಲಾಯ್ತು ಅಂದ್ರೆ, ಜಪಾನ್‌ನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. 25.06.26 ಅಂದ್ರೆ 2025 ಜೂನ್ 26. ನಾನು ನಮ್ಮ ಅಭ್ಯಾಸದಲ್ಲಿ 2026 ಜೂನ್ 25 ಅಂತ ಓದಿದ್ದೆ. ಪೂರ್ತಿ ಒಂದು ವರ್ಷ ಕಮ್ಮಿ ಒಂದು ದಿನ ವ್ಯತ್ಯಾಸ! ಆಪ್ ಪದಾನ ಕನ್ನಡಕ್ಕೆ ತಂತು, ಅಂಕಿನ ಇದ್ದ ಹಾಗೇ ಬಿಡ್ತು. ಪಕ್ಕದಲ್ಲಿ ಕನ್ನಡ ಪದ ಕಂಡ ತಕ್ಷಣ ನಮ್ಮ ಕಣ್ಣು ಅಂಕಿನೂ ಕನ್ನಡದ ಲೆಕ್ಕದಲ್ಲೇ ಓದಿಬಿಡುತ್ತೆ. ಅದಾದ್ಮೇಲೆ ನಮ್ಮ ಮನೆ ಗ್ರೂಪಲ್ಲಿ ಬರೋ ಇಂಥ ಫೋಟೋಗಳನ್ನೆಲ್ಲ ನಾನೇ ನೋಡ್ಕೊಡ್ತೀನಿ, ಈಗ ಮಾಡೋ ಕ್ರಮ ಹೀಗಿದೆ.

ಮೊದಲು ಫೋಟೋ ಸರಿ ಮಾಡಿಸ್ಕೊಳಿ

ಪ್ಯಾಕೆಟ್‌ನ ಬಣ್ಣಬಣ್ಣದ ಪ್ರಿಂಟ್ ಮೊದಲೇ ಆಗಿರುತ್ತೆ, ತಾರೀಖು ಮಾತ್ರ ಮಾಲು ತುಂಬೋವಾಗ ಬೇರೆ ಮಷೀನ್‌ನಲ್ಲಿ ಚುಕ್ಕಿಚುಕ್ಕಿಯಾಗಿ ಹೊಡೀತಾರೆ. ಅದಕ್ಕೇ ಎಷ್ಟೋ ಸಲ ತಾರೀಖಿನ ಅಂಕಿ ಮುಚ್ಚಳದ ಮೇಲೋ, ಡಬ್ಬಿ ತಳದಲ್ಲೋ, ಸೀಲ್ ಮಾಡಿದ ಅಂಚಲ್ಲೋ ಇರುತ್ತೆ, ಅದು ಯಾವ ತಾರೀಖು ಅಂತ ಹೇಳೋ ಪದ ಹಿಂದಿನ ಲೇಬಲ್‌ನಲ್ಲಿರುತ್ತೆ. ಒಂದೇ ಫೋಟೋ ಬಂದ್ರೆ ಅರ್ಧ ಮಾಹಿತಿ ಬಂದ ಹಾಗೆ. ನಾನು ಎರಡು ಕೇಳ್ತೀನಿ, ಅಂಕಿ ಇರೋ ಜಾಗದ್ದೊಂದು, ಹಿಂದಿನ ಪೂರ್ತಿ ಲೇಬಲ್‌ದೊಂದು. ಫ್ಲ್ಯಾಶ್ ಬೇಡ, ಹೊಳೆಯೋ ಕವರ್ ಮೇಲೆ ಬೆಳಕು ಬಿದ್ದು ಅಂಕಿನೇ ಅಳಿಸಿ ಹೋಗುತ್ತೆ, ಕಿಟಕಿ ಹತ್ರ ಸ್ವಲ್ಪ ಓರೆಯಾಗಿ ಹಿಡಿದು ತೆಗೀರಿ ಅಂತೀನಿ. ಚುಕ್ಕಿ ಅಂಕಿಯಲ್ಲಿ 3, 6, 8 ಒಂದೇ ತರ ಕಾಣ್ಸುತ್ತೆ, 1 ಮತ್ತೆ 7 ಕೂಡ. ಅನುಮಾನ ಬಂದ್ರೆ ಪ್ಯಾಕೆಟ್ ಕೈಯಲ್ಲಿರೋರ ಹತ್ರ ಅಂಕಿಗಳನ್ನ ಒಂದೊಂದಾಗಿ ಓದಿಸ್ಕೊಳಿ, ತಾರೀಖಾಗಿ ಅಲ್ಲ, ಬರೀ ಅಂಕಿ ಮತ್ತೆ ಚುಕ್ಕಿ, ಫೋನ್ ನಂಬರ್ ಹೇಳಿದ ಹಾಗೆ. ತಾರೀಖಾಗಿ ಓದಿ ಅಂದ್ರೆ ಅವ್ರೂ ನಾನು ಮಾಡಿದ ತಪ್ಪನ್ನೇ ಮಾಡ್ತಾರೆ.

ಆಪ್ ಅನುವಾದಾನ ಫೋಟೋ ಮೇಲೇ ಅಂಟಿಸಿ ತೋರ್ಸೋವಾಗ ಕೆಲವು ಸಲ ಅಂಕಿ ಅದರಡಿ ಮುಚ್ಚಿಹೋಗುತ್ತೆ, ಹಾಗಾಗಿ ಅಂಕಿನ ಯಾವಾಗ್ಲೂ ಮೂಲ ಫೋಟೋದಿಂದನೇ ಬರ್ಕೊಳ್ಳೋದು.

ಆಮೇಲೆ, ಇದು ಯಾವ ತಾರೀಖು?

ಇಲ್ಲಿ ಎರಡು ತರದ ಗಲಿಬಿಲಿ ಆಗುತ್ತೆ. ಒಂದು, ಚೀನಾದ ಪ್ಯಾಕೆಟ್‌ಗಳು. ಅಲ್ಲಿ ತಯಾರಾದ ದಿನ ಮಾತ್ರ ಹೊಡೆದು, ಎಷ್ಟು ತಿಂಗಳು ಬಾಳಿಕೆ ಅನ್ನೋದನ್ನ ಲೇಬಲ್‌ನಲ್ಲಿ ಬೇರೆ ಕಡೆ ಹಾಕಿರೋದು ತುಂಬಾ ಸಾಮಾನ್ಯ. 20250310 ಅಂತ ಎಂಟು ಅಂಕಿ ನೋಡಿ, ಅಯ್ಯೋ ಡೇಟ್ ಮುಗಿದುಹೋಗಿದೆ ಅಂತ ಚೆನ್ನಾಗಿರೋ ನೂಡಲ್ಸ್‌ನ ಬಿಸಾಕಿರೋರು ನಮ್ಮನೇಲೇ ಇದಾರೆ. ಅದು ತಯಾರಾಗಿದ್ದು 2025 ಮಾರ್ಚ್ 10ಕ್ಕೆ, ಲೇಬಲ್‌ನಲ್ಲಿ ಬಾಳಿಕೆ 18 ತಿಂಗಳು ಅಂತಿದ್ರೆ 2026 ಸೆಪ್ಟೆಂಬರ್ 9ರ ತನಕ ಅಂತ ಲೆಕ್ಕ ಹಾಕಿ ಬರೀಬೇಕು. ನಮ್ಮಲ್ಲೂ "ತಯಾರಿಸಿದ ದಿನದಿಂದ 9 ತಿಂಗಳು" ಅನ್ನೋ ಪ್ಯಾಕೆಟ್ ನೋಡಿದೀವಲ್ಲ, ಅದೇ ಲೆಕ್ಕ.

ಎರಡನೇದು, ಅನುವಾದದ ಪದಾನೇ ದಾರಿ ತಪ್ಪಿಸೋದು. ಥಾಯ್ಲೆಂಡಿನ ಮಾವಿನಹಣ್ಣಿನ ಚಿಪ್ಸ್ ಒಂದಕ್ಕೆ ಆಪ್ "ಅವಧಿ ಮುಗಿದಿದೆ" ಅಂತ ತೋರಿಸ್ತು. ಮೂಲದಲ್ಲಿರೋದು "ಅವಧಿ ಮುಗಿಯುವ ದಿನ" ಅಷ್ಟೇ, ಮುಂದೆ ಬರೋ ತಾರೀಖಿಗೆ ಅದೊಂದು ಶೀರ್ಷಿಕೆ. ಕನ್ನಡದಲ್ಲಿ "ಮುಗಿದಿದೆ" ಅಂದ ಕೂಡ್ಲೇ ಅದು ತೀರ್ಪಾಗಿಬಿಡುತ್ತೆ. ಹಾಗೇ, "ಈ ದಿನದ ತನಕ ರುಚಿ ಚೆನ್ನಾಗಿರುತ್ತೆ" ಅನ್ನೋದಕ್ಕೂ "ಈ ದಿನ ದಾಟಿದ್ರೆ ತಿನ್ಬೇಡಿ" ಅನ್ನೋದಕ್ಕೂ ಜಪಾನ್‌ನಲ್ಲಿ ಬೇರೆಬೇರೆ ಪದ ಇದೆ, ಷೋಮಿ ಕಿಗೆನ್ ಅಂದ್ರೆ ಮೊದಲನೇದು, ಷೋಹಿ ಕಿಗೆನ್ ಅಂದ್ರೆ ಎರಡನೇದು, ಬರೆಯೋವಾಗ ನಾಲ್ಕು ಅಕ್ಷರದಲ್ಲಿ ಮೊದಲ ಎರಡು ಮಾತ್ರ ಬೇರೆ. ಬಿಸ್ಕೆಟ್, ಟೀಪುಡಿಗೆಲ್ಲ ಮೊದಲನೇದಿರುತ್ತೆ, ಬೇಗ ಹಳಸೋ ಊಟದ ಡಬ್ಬಿ, ಸ್ಯಾಂಡ್‌ವಿಚ್ ತರದ್ದಕ್ಕೆ ಎರಡನೇದು. ಎರಡನ್ನೂ "ಎಕ್ಸ್‌ಪೈರಿ" ಅಂತ ಒಂದೇ ಚೀಲಕ್ಕೆ ತುಂಬಬೇಡಿ.

ವರ್ಷ ಯಾವ ಲೆಕ್ಕದ್ದು

ಅದೇ ಥಾಯ್ ಚಿಪ್ಸ್‌ನ ಪೂರ್ತಿ ಕತೆ ಹೇಳ್ತೀನಿ. ಪಕ್ಕದ ಮನೆ ಹುಡುಗ ಬ್ಯಾಂಕಾಕ್ ಟ್ರಿಪ್ ಮುಗಿಸಿ ತಂದಿದ್ದು. ಎರಡು ಸಾಲು, ಮೇಲೆ 08/11/68, ಕೆಳಗೆ 07/11/69. ಅವನು "ಆಂಟಿ, ಇದು ನಮ್ಮಜ್ಜನ ಕಾಲದ್ದು" ಅಂತ ನಗ್ತಿದ್ದ. ಥಾಯ್ಲೆಂಡಲ್ಲಿ ಬುದ್ಧನ ಲೆಕ್ಕದ ವರ್ಷ ಬಳಸ್ತಾರೆ, ಅದು ನಮ್ಮ ಕ್ರಿಸ್ತಶಕಕ್ಕಿಂತ 543 ಜಾಸ್ತಿ. 68 ಅಂದ್ರೆ 2568, ಅದರಲ್ಲಿ 543 ಕಳೆದ್ರೆ 2025. 69 ಅಂದ್ರೆ 2026. ದಿನ-ತಿಂಗಳ ಕ್ರಮ ಮಾತ್ರ ನಮ್ಮ ಹಾಗೇನೇ. ಹಾಗಾಗಿ 2025 ನವೆಂಬರ್ 8ಕ್ಕೆ ತಯಾರಾಗಿ 2026 ನವೆಂಬರ್ 7ರ ತನಕ, ಸರಿಯಾಗಿ ಒಂದು ವರ್ಷ. ಎರಡೇ ಅಂಕಿಯ ವರ್ಷ ಇದ್ರೆ 43 ಕಳೆದ್ರೂ ಸಾಕು. ಆದ್ರೆ ಅಲ್ಲೂ ಎಷ್ಟೋ ಪ್ಯಾಕೆಟ್ ಮೇಲೆ ನಮ್ಮ ವರ್ಷಾನೇ ಹಾಕಿರ್ತಾರೆ, 26 ಅಂತ ಕಂಡ್ರೆ ಅದರಲ್ಲಿ 43 ಕಳೆಯೋಕೆ ಹೋಗ್ಬೇಡಿ ಮತ್ತೆ!

ತೈವಾನ್‌ನಲ್ಲೂ ಇಂಥದ್ದೇ ಇನ್ನೊಂದಿದೆ, 114 ಅಂತ ಮೂರಂಕಿಯ ವರ್ಷ ಕಂಡ್ರೆ 1911 ಕೂಡಿಸಿ, 2025 ಆಗುತ್ತೆ.

ಕ್ರಮ: ದಿನ ಮೊದಲೋ, ತಿಂಗಳೋ, ವರ್ಷವೋ

ಚೀನಾ, ಜಪಾನ್, ಕೊರಿಯಾ ವರ್ಷ-ತಿಂಗಳು-ದಿನ. ಅಮೆರಿಕದಲ್ಲಿ ತಿಂಗಳು-ದಿನ-ವರ್ಷ. ನಮ್ಮದು, ಬ್ರಿಟನ್‌ದು ದಿನ-ತಿಂಗಳು-ವರ್ಷ. ಜಪಾನ್, ಚೀನಾದ ಪ್ಯಾಕೆಟ್‌ನಲ್ಲಿ ಅಂಕಿ ಪಕ್ಕ ಚಿತ್ರದಂಥ ಅಕ್ಷರ ಇದ್ರೆ ಕೆಲಸ ಸುಲಭ, ಮುಚ್ಚಿದ ಚೌಕದ ಮಧ್ಯೆ ಒಂದೇ ಅಡ್ಡಗೆರೆ ಇದ್ರೆ ಅದು ದಿನ, ಕೆಳಗೆ ತೆರೆದು ಎರಡು ಕಾಲು ಇಳಿಬಿಟ್ಟು ಒಳಗೆ ಎರಡು ಗೆರೆ ಇದ್ರೆ ತಿಂಗಳು.

ಪ್ಯಾಕೆಟ್ ಯಾವ ದೇಶದ್ದು ಅನ್ನೋದು ಒಂದೇ ಸಾಕಾಗಲ್ಲ, ಯಾಕಂದ್ರೆ ಒಂದು ದೇಶದಲ್ಲಿ ತಯಾರಾಗಿ ಇನ್ನೊಂದು ದೇಶಕ್ಕೆ ಅಂತ ಪ್ಯಾಕ್ ಆಗಿರಬಹುದು. ಅದಕ್ಕೆ ನಾನು ನಂಬೋದು ಎರಡು ತಾರೀಖಿನ ನಡುವಿನ ಅಂತರಾನ. ಒಂದು ಚಾಕ್ಲೇಟ್ ಡಬ್ಬಿ ಮೇಲೆ ತಯಾರಿ 03/04/26, ಮುಗಿಯೋದು 02/10/26 ಅಂತಿತ್ತು. ಅಮೆರಿಕದ ಕ್ರಮದಲ್ಲಿ ಓದಿದ್ರೆ ಮಾರ್ಚ್ 4ಕ್ಕೆ ತಯಾರಾಗಿ ಅದೇ ವರ್ಷ ಫೆಬ್ರವರಿ 10ಕ್ಕೆ, ಅಂದ್ರೆ ಹುಟ್ಟೋ ಮೊದಲೇ ಮುಗಿದುಹೋಗುತ್ತೆ. ನಮ್ಮ ಕ್ರಮದಲ್ಲಿ ಏಪ್ರಿಲ್ 3ರಿಂದ ಅಕ್ಟೋಬರ್ 2, ಸರಿಯಾಗಿ ಆರು ತಿಂಗಳು. ಅಲ್ಲಿಗೆ ಮುಗೀತು. ಎರಡು ಕ್ರಮದಲ್ಲೂ ಅರ್ಥ ಬರೋ ಹಾಗಿದ್ರೆ ದುಂಡಗಿನ ಅಂತರ ಯಾವುದರಲ್ಲಿ ಬರುತ್ತೆ ನೋಡಿ, 05/01/26ರಿಂದ 04/01/27 ಅನ್ನೋದು ನಮ್ಮ ಕ್ರಮದಲ್ಲಿ ಒಂದು ವರ್ಷ, ಅಮೆರಿಕದ ಕ್ರಮದಲ್ಲಿ ಹನ್ನೊಂದು ತಿಂಗಳು. ಹನ್ನೊಂದು ತಿಂಗಳ ಬಾಳಿಕೆ ಇಡೋರು ಕಮ್ಮಿ, ಆದ್ರೂ ಇದು ಊಹೆನೇ, ಲೇಬಲ್‌ನಲ್ಲಿ "12 ತಿಂಗಳು" ಅಂತ ಸಿಕ್ಕಿದ್ರೆ ಮಾತ್ರ ಖಾತ್ರಿ.

ಕೆನಡಾದ ಪ್ಯಾಕೆಟ್‌ನಲ್ಲಿ ತಿಂಗಳನ್ನ ಎರಡು ಇಂಗ್ಲಿಷ್ ಅಕ್ಷರದಲ್ಲಿ ಹಾಕ್ತಾರೆ, ಇಂಗ್ಲಿಷ್ ಫ್ರೆಂಚ್ ಎರಡಕ್ಕೂ ಹೊಂದಲಿ ಅಂತ. ಅಲ್ಲಿ ಎಂ-ಎ ಅಂದ್ರೆ ಮೇ, ಮಾರ್ಚ್‌ಗೆ ಎಂ-ಆರ್. ಟೊರಾಂಟೋದಲ್ಲಿರೋ ಮಕ್ಕಳ ಕಡೆಯಿಂದ ಬರೋ ಪಾರ್ಸೆಲ್ ನೋಡೋವಾಗ ಇದನ್ನ ಎಷ್ಟು ಜನ ಮಾರ್ಚ್ ಅಂದ್ಕೊಂಡಿದಾರೋ.

ಕನ್ನಡದಲ್ಲಿ ಬರೆಯೋದು

ತಿಂಗಳನ್ನ ಯಾವತ್ತೂ ಅಂಕಿಯಲ್ಲಿ ಬರೀಬೇಡಿ, ವರ್ಷಾನ ನಾಲ್ಕು ಅಂಕಿಯಲ್ಲಿ ಬರೀರಿ, ಪಕ್ಕದಲ್ಲಿ ಪ್ಯಾಕೆಟ್ ಮೇಲೆ ಹೇಗಿದೆಯೋ ಹಾಗೇ ಅಂಕಿ ಇಡಿ. ಅತ್ತೆಗೆ ಈಗ ಹೀಗೆ ಕಳಿಸ್ತೀನಿ: "ರುಚಿ ಚೆನ್ನಾಗಿರೋದು 2025 ಜೂನ್ 26ರ ತನಕ, ಪ್ಯಾಕೆಟ್ ಮೇಲೆ 25.06.26 ಅಂತ ಹೊಡೆದಿದಾರೆ, ಜಪಾನಿನವರು ವರ್ಷ ಮೊದಲು ಬರೀತಾರೆ." ಮೂಲ ಅಂಕಿ ಇಟ್ರೆ ನಾನು ತಪ್ಪಿದ್ರೂ ಇನ್ನೊಬ್ರು ಹಿಡೀಬಹುದು, ನಾದಿನಿನೇ ಗ್ರೂಪಲ್ಲಿ ಎರಡು ಸಲ ಹಿಡಿದಿದಾಳೆ.

ದಿನ ಇಲ್ದೆ ಬರೀ ತಿಂಗಳು-ವರ್ಷ ಇದ್ರೆ ನೀವಾಗಿ 1ನೇ ತಾರೀಖು ಅಂತ ಸೇರಿಸಬೇಡಿ. ನಮ್ಮ ಮಾತ್ರೆ ಸ್ಟ್ರಿಪ್ ಮೇಲೆ ಮುಗಿಯೋದು 06/2026 ಅಂತಿದ್ರೆ ಆ ಜೂನ್ ತಿಂಗಳ ಕೊನೇ ದಿನದ ತನಕ ಅಂತ ಅರ್ಥ. "2026 ಜೂನ್ ಕೊನೆ ತನಕ" ಅಂತ ಬರೆದ್ರೆ ಆಯ್ತು.

ಎಷ್ಟು ನೋಡಿದ್ರೂ ಕ್ರಮ ಗೊತ್ತಾಗದೇ ಇದ್ರೆ ಎರಡೂ ಓದನ್ನ ಬರೆದು, ಯಾವುದು ಮೊದಲು ಬರುತ್ತೋ ಅದನ್ನ ಹಿಡ್ಕೊಳಿ ಅಂತ ಹೇಳೋದು. ಅದೂ ತಿಂಡಿಗೆ ಮಾತ್ರ, ಔಷಧಿಗೂ ಮಗುವಿನ ಹಾಲಿನಪುಡಿಗೂ ನಾನು ಊಹೆ ಮಾಡೋದೇ ಇಲ್ಲ, ಕಳಿಸಿದೋರಿಗೆ ಫೋನ್ ಮಾಡಿ ಅಂತೀನಿ. ಇನ್ನು ಡಬ್ಬಿ ತಳದಲ್ಲಿ L5123 ತರದ್ದೊಂದೇ ಇದ್ರೆ ಅದು ಬ್ಯಾಚ್ ನಂಬರ್. 2025ರ 123ನೇ ದಿನ ಇರಬಹುದು, ಅಂದ್ರೆ ಮೇ 3, ಕೆಲವು ಕಂಪನಿಗಳು ಹಾಗೆ ಹಾಕೋದುಂಟು, ಬರೀ ಕ್ರಮಸಂಖ್ಯೆನೂ ಆಗಿರಬಹುದು. ಅದಕ್ಕೆ ಅನುವಾದ ಇಲ್ಲ, "ತಾರೀಖು ಸಿಕ್ಕಿಲ್ಲ, ಡಬ್ಬಿ ಇನ್ನೊಂದು ಕಡೆ ತಿರುಗಿಸಿ ಫೋಟೋ ಕಳ್ಸಿ" ಅಂತ ವಾಪಸ್ ಬರೀರಿ.