ಲದ್ದಿ ಹುಳು ಹತೋಟಿ: ಹಿರಿಯ ರೈತರಿಗಾಗಿ ವಿಡಿಯೊ ಸ್ಕ್ರಿಪ್ಟ್ ಬರೆಯುವುದು ಹೇಗೆ?

ಬರೆಯಲು ಕೂರುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ. ಈ ವಿಡಿಯೊ ನೋಡಿದವರು ಹೊಲಕ್ಕೆ ಹೋಗಿ ಏನು ಮಾಡಬೇಕು? ಉತ್ತರ ಒಂದೇ ಸಾಲಿನಲ್ಲಿ ಬರಬೇಕು. ಮೆಕ್ಕೆಜೋಳದ ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳೋಣ. ಅದಕ್ಕೆ ನನ್ನ ಉತ್ತರ ಇದು: 'ನೂರು ಗಿಡ ನೋಡಿ, ಹುಳು ತಿಂದದ್ದನ್ನು ಎಣಿಸಿ, ಆಮೇಲೆ ಔಷಧದ ಮಾತು.' ಸ್ಕ್ರಿಪ್ಟಿನ ಪ್ರತಿ ಸಾಲೂ ಈ ಕೆಲಸಕ್ಕೆ ನೆರವಾಗಬೇಕು. ಹುಳುವಿನ ಶಾಸ್ತ್ರೀಯ ಹೆಸರು, ಅದು ತಿನ್ನುವ ಬೇರೆ ಬೆಳೆಗಳ ಪಟ್ಟಿ, ಇವನ್ನೆಲ್ಲ ಧೈರ್ಯವಾಗಿ ಬಿಟ್ಟುಬಿಡಿ.

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಎಡಭಾಗವನ್ನು ಮೊದಲು ತುಂಬಿಸಿ. ಎಲೆಯ ಮೇಲಿನ ಗುರುತು ಪರದೆಯಲ್ಲಿ ಚೆನ್ನಾಗಿ ಕಂಡರೆ ಬಾಯಲ್ಲಿ ಹೇಳುವುದು ತಾನಾಗೇ ಕಡಿಮೆಯಾಗುತ್ತದೆ.

ಗೊತ್ತಿರುವುದರಿಂದ ಶುರು ಮಾಡಿ

ನಿಮ್ಮ ವೀಕ್ಷಕರು ಹೊಲದಲ್ಲೇ ಬೆಳೆದವರು. ಕಾಂಡ ಕೊರಕವನ್ನು ಎಷ್ಟೋ ವರ್ಷದಿಂದ ಬಲ್ಲವರು. ಆದರೆ ಈ ಹುಳು ಅಮೆರಿಕ ಖಂಡಗಳದ್ದು, ಭಾರತದಲ್ಲಿ ಕಾಣಿಸಿಕೊಂಡದ್ದೇ 2018ರಲ್ಲಿ. ಹಾಗಾಗಿ ಹಿರಿಯರು ಇದನ್ನು ಹಳೆಯ ಹುಳು ಎಂದೇ ತಿಳಿದುಬಿಡುವುದು ಸಹಜ. ಮೊದಲ ದೃಶ್ಯದಲ್ಲೇ ವ್ಯತ್ಯಾಸ ತೋರಿಸಿ:

"ಈ ಎಲೆ ನೋಡಿ. ಸಣ್ಣ ಸಣ್ಣ ತೂತು, ಸಾಲಾಗಿ ಇದೆ ಅಲ್ವಾ? ಇದು ನಿಮಗೆ ಗೊತ್ತಿರೋ ಕಾಂಡ ಕೊರಕ. ಈಗ ಈ ಗಿಡ ನೋಡಿ. ಎಲೆ ಹರಿದು ಚಿಂದಿಯಾಗಿದೆ. ಸುಳಿ ಒಳಗೆ ಮರದ ಹೊಟ್ಟಿನ ಥರ ಹಸಿ ಹಿಕ್ಕೆ ತುಂಬಿದೆ. ಇದು ಲದ್ದಿ ಹುಳು."

ಹುಳುವನ್ನೇ ತೋರಿಸುವಾಗ ಪಕ್ಕದಲ್ಲಿ ಹೆಬ್ಬೆರಳಿಡಿ, ಗಾತ್ರ ತಿಳಿಯುತ್ತದೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಗೆರೆ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಮಂಜುಗಣ್ಣಿಗೆ ಅದು ಎಲ್ಲಿ ಕಾಣಬೇಕು? ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆಗಳನ್ನು ಹಿಡಿಯುವುದು ಸುಲಭ. ಅದೂ ಹುಳು ಬಲಿತ ಮೇಲೆ. ಎಳೆಯ ಹುಳುವಿಗೆ ಎಲೆಯೇ ಸಾಕ್ಷಿ. ಅದು ಎಲೆಯ ಹಸಿರನ್ನಷ್ಟೇ ಕೆರೆದು ತಿಂದು ತೆಳ್ಳನೆಯ ಬಿಳಿ ಪೊರೆ ಉಳಿಸಿರುತ್ತದೆ. ಅಂಥ ಎಲೆಯನ್ನು ಬಿಸಿಲಿಗೆ ಹಿಡಿದು, ಕ್ಯಾಮೆರಾ ಅಲ್ಲಾಡಿಸದೆ, ಹತ್ತು ಸೆಕೆಂಡ್ ತೋರಿಸಿ. ಇಡೀ ವಿಡಿಯೊದಲ್ಲಿ ಇದಕ್ಕಿಂತ ಮುಖ್ಯವಾದ ದೃಶ್ಯ ಇನ್ನೊಂದಿಲ್ಲ. ಏಕೆಂದರೆ ಎಳೆಯ ಹುಳು ಔಷಧಕ್ಕೆ ಬೇಗ ಸಾಯುತ್ತದೆ. ಬಲಿತದ್ದು ಸುಳಿಯ ಆಳಕ್ಕಿಳಿದು, ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂರುತ್ತದೆ. ಮೇಲಿಂದ ಹೊಡೆದ ಔಷಧ ಅದಕ್ಕೆ ತಾಗುವುದೇ ಇಲ್ಲ. 'ಮೂರು ಸಲ ಹೊಡೆದೆ, ಏನೂ ಆಗಲಿಲ್ಲ' ಎಂಬ ದೂರು ಬಹಳ ಸಲ ಹುಟ್ಟುವುದು ಇಲ್ಲಿಂದಲೇ.

ಶೇಕಡಾ ಬಿಡಿ, ಎಣಿಕೆ ಹೇಳಿ

ಕೈಪಿಡಿಗಳಲ್ಲಿ ಇಂಥ ವಾಕ್ಯ ಸಿಗುತ್ತದೆ: 'ಶೇ 5ರಷ್ಟು ಹಾನಿ ಕಂಡುಬಂದಲ್ಲಿ ಪ್ರಥಮ ಸಿಂಪಡಣೆ ಕೈಗೊಳ್ಳುವುದು.' ಓದಲು ಸರಿ, ಕೇಳಲು ಕಷ್ಟ. ಅದನ್ನು ನಾನು ಹೀಗೆ ಬರೆಯುತ್ತೇನೆ:

"ಹೊಲದೊಳಗೆ ಐದು ಕಡೆ ನಿಲ್ಲಿ. ಬದುವಿನ ಪಕ್ಕ ಬೇಡ, ಒಳಗೆ ಹೋಗಿ. ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ನೋಡಿ. ಹುಳು ತಿಂದ ಗಿಡ ಸಿಕ್ಕಾಗೆಲ್ಲ ಒಂದು ಕಲ್ಲು ಜೇಬಿಗೆ ಹಾಕಿಕೊಳ್ಳಿ. ಕೊನೆಗೆ ಕಲ್ಲು ಎಣಿಸಿ."

ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಅಂದರೆ ಸರಿಯಾಗಿ ನೂರು. ಕಲ್ಲು ಎಷ್ಟಿದೆಯೋ ಅದೇ ಶೇಕಡಾ. ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಮುಂದಿನ ಸಾಲು: "ಬೆಳೆ ಮೂರು-ನಾಲ್ಕು ವಾರದ್ದಾಗಿದ್ದು ಐದು ಕಲ್ಲು ಬಂದರೆ ಬೇವಿನ ಔಷಧ ಹೊಡೀರಿ. ಐದರಿಂದ ಏಳು ವಾರದ ಬೆಳೆಯಲ್ಲಿ ಹತ್ತು ಕಲ್ಲು ದಾಟಿದರೆ ರಾಸಾಯನಿಕ ಔಷಧ. ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ದುಡ್ಡು ಸುರಿಯಬೇಡಿ. ಎಲೆ ಮೇಲೆ ಮೊಟ್ಟೆಯ ಗುಂಪು ಕಂಡರೆ ಕೈಯಲ್ಲೇ ಹಿಸುಕಿ. ನಾಲ್ಕೈದು ದಿನ ಬಿಟ್ಟು ಮತ್ತೆ ಎಣಿಸಿ." ಮೊಟ್ಟೆಗಳ ಮೇಲೆ ಬೂದು ಬಣ್ಣದ ನುಣುಪು ಕೂದಲಿನಂಥ ಹೊದಿಕೆ ಇರುತ್ತದೆ. ಒಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು. ಆ ಹಿಸುಕುವ ಬೆರಳನ್ನೂ ಹತ್ತಿರದಿಂದ ತೋರಿಸಿ.

ಅಳತೆಯಲ್ಲಿ ಎಡವಬೇಡಿ

'ಲೀಟರಿಗೆ ಇಷ್ಟು' ಎಂದು ಹೇಳಿ ಬಿಟ್ಟರೆ ಗುಣಾಕಾರವನ್ನು ವೀಕ್ಷಕರ ತಲೆಗೆ ಕಟ್ಟಿದಂತೆ. ಅವರು ತುಂಬಿಸುವುದು ಟ್ಯಾಂಕ್, ಆದ್ದರಿಂದ ಟ್ಯಾಂಕಿನ ಲೆಕ್ಕವನ್ನೇ ಹೇಳಿ. ಬೇವಿನ ಔಷಧ ಅಂದರೆ ಅಜಾಡಿರಾಕ್ಟಿನ್ 1500 ಪಿಪಿಎಂ, ಲೀಟರಿಗೆ 5 ಮಿ.ಲೀ. 15 ಲೀಟರ್ ಟ್ಯಾಂಕಿಗೆ 75 ಮಿ.ಲೀ. ರಾಸಾಯನಿಕದಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಆದರೆ ಲೀಟರಿಗೆ 0.4 ಮಿ.ಲೀ., ಟ್ಯಾಂಕಿಗೆ 6 ಮಿ.ಲೀ. 'ಸೊನ್ನೆ ದಶಾಂಶ ನಾಲ್ಕು' ಅನ್ನುವ ಮಾತು ಸ್ಕ್ರಿಪ್ಟಿನಲ್ಲಿ ಬರಲೇಬಾರದು. ದಶಾಂಶ ಕಿವಿಗೆ ಬೀಳದೆ ಹೋದರೆ ನಾಲ್ಕೇ ಉಳಿಯುತ್ತದೆ, ಔಷಧ ಹತ್ತು ಪಟ್ಟು ಜಾಸ್ತಿಯಾಗುತ್ತದೆ.

ಬಾಟಲಿಯ ಮುಚ್ಚಳದಲ್ಲಿ ಅಳೆಯುವ ರೂಢಿಯನ್ನೂ ಇಲ್ಲೇ ಬಿಡಿಸಬೇಕು. ಒಂದೊಂದು ಮುಚ್ಚಳದ ಅಳತೆ ಒಂದೊಂದು. ಔಷಧಕ್ಕೆಂದೇ ತೆಗೆದಿಟ್ಟ ಸೂಜಿಯಿಲ್ಲದ ಸಿರಿಂಜಿನಲ್ಲಿ 6ರ ಗೆರೆಯವರೆಗೆ ಎಳೆಯುವುದನ್ನು ತೋರಿಸಿ. ಔಷಧದ ಹೆಸರು ಬಾಯಲ್ಲಿ ತಿರುಗುವುದಿಲ್ಲ, ನೆನಪಿನಲ್ಲೂ ನಿಲ್ಲುವುದಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಪರದೆಯ ಮೇಲೆ ನಿಲ್ಲಿಸಿ, "ವಿಡಿಯೊ ನಿಲ್ಲಿಸಿ, ಚೀಟಿಯಲ್ಲಿ ಬರೆದುಕೊಳ್ಳಿ, ಡಬ್ಬಿ ಮೇಲಿನ ಹೆಸರು, ಅಳತೆ ಎರಡನ್ನೂ ತಾಳೆ ನೋಡಿ" ಎಂದು ಹೇಳಿಸಿ.

ಹೊಡೆಯುವ ರೀತಿಗೆ ಮೂರು ಮಾತು ಸಾಕು: "ಬೆಳಗಿನ ತಂಪಲ್ಲಿ, ಇಲ್ಲಾ ಸಂಜೆ ಹೊಡೀರಿ. ನಳಿಗೆಯ ತುದಿ ಸುಳಿ ಒಳಕ್ಕೆ ಇರಲಿ. ಹೂತೆನೆ ಬಂದ ಮೇಲೆ ಹೊಡೆಯಬೇಡಿ, ಖರ್ಚು ಗಿಟ್ಟಲ್ಲ." ಹೊಡೆಯುವವರ ಕೈಗೆ ಗ್ಲೌಸ್, ಮೂಗು-ಬಾಯಿಗೆ ಮಾಸ್ಕ್, ಮೈತುಂಬ ಬಟ್ಟೆ ಇರಲಿ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿರಲಿ. ಬಾಯಲ್ಲಿ ಹೇಳಿ ದೃಶ್ಯದಲ್ಲಿ ಬರಿಗೈ ತೋರಿಸಿದರೆ ಜನ ನೆನಪಿಟ್ಟುಕೊಳ್ಳುವುದು ಬರಿಗೈಯನ್ನೇ.

ಕಿವಿಗೆ ಒಪ್ಪುವಂತೆ

ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ. ಒಂದೇ ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಎರಡು ಮಾಡಿ. ಒಂದೊಂದು ಅಳತೆಯ ನಂತರ 'ವಿರಾಮ' ಎಂದು ಬರೆದಿಡಿ, ಅದೇ ಅಳತೆಯನ್ನು ಇನ್ನೊಮ್ಮೆ ಹೇಳಿಸಿ. ಮಾತಿನ ಹಿಂದೆ ಸಂಗೀತ ಬೇಡವೇ ಬೇಡ. ಕಿವಿ ಮಂದವಾದವರಿಗೆ ಸಂಗೀತದ ನಡುವಿನಿಂದ ಮಾತನ್ನು ಹೆಕ್ಕುವುದು ಬಹಳ ಕಷ್ಟ.

ಚಿತ್ರೀಕರಣಕ್ಕೆ ಮುಂಚೆ ಒಬ್ಬ ಹಿರಿಯರಿಗೆ ಓದಿ ಹೇಳಿ. 'ಅರ್ಥವಾಯಿತಾ ಅಜ್ಜ?' ಎಂದು ಕೇಳಬೇಡಿ. ನಿಮ್ಮ ಮನಸ್ಸು ನೋಯಿಸಬಾರದೆಂದು 'ಹ್ಞೂಂ' ಎಂದುಬಿಡುತ್ತಾರೆ. 'ನಾಲ್ಕು ವಾರದ ಬೆಳೆ, ಏಳು ಕಲ್ಲು ಬಂತು. ಏನು ಮಾಡ್ತೀರಿ, ಟ್ಯಾಂಕಿಗೆ ಎಷ್ಟು ಹಾಕ್ತೀರಿ?' ಎಂದು ಕೇಳಿ. 'ಬೇವಿನದು, ಎಪ್ಪತ್ತೈದು' ಎಂಬ ಉತ್ತರ ಬಂದರೆ ಕ್ಯಾಮೆರಾ ತೆಗೆಯಬಹುದು. ತಡವರಿಸಿದರೆ ಎಲ್ಲಿ ತಡವರಿಸಿದರು ನೋಡಿ, ಆ ಸಾಲನ್ನು ಬದಲಿಸಿ, ಇನ್ನೊಬ್ಬರಿಗೆ ಓದಿ.